ಆರಿಸದೆ ಆರಿಸುವ ಬಗೆ

1969ರ ಡಿಸೆಂಬರ್ 1ರ ರಾತ್ರಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಟಿ.ವಿ. ಕ್ಯಾಮೆರಾಗಳ ಎದುರು ಚೀಟಿ ಎತ್ತುವ ಕೆಲಸ ನಡೆಯಿತು. ದೊಡ್ಡದೊಂದು ಗಾಜಿನ ಜಾಡಿ, ಅದರ ತುಂಬ ನೀಲಿ ಬಣ್ಣದ ಪುಟ್ಟ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗಳು. ಒಂದೊಂದು ಕ್ಯಾಪ್ಸೂಲಿನೊಳಗೂ ವರ್ಷದ ಒಂದೊಂದು ದಿನಾಂಕ ಬರೆದ ಚೀಟಿ. ಫೆಬ್ರವರಿ 29 ಸೇರಿ ಒಟ್ಟು 366. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲವದು. ಮೊದಲು ಎತ್ತಿದ ದಿನಾಂಕದಂದು ಹುಟ್ಟಿದ ಯುವಕರಿಗೆ ಸೇನೆಯಿಂದ ಮೊದಲ ಕರೆ, ಆಮೇಲೆ ಎರಡನೆಯ ದಿನಾಂಕದವರಿಗೆ, ಹೀಗೆ ಸಾಲಾಗಿ. ಮೊದಲು ಕೈಗೆ ಬಂದದ್ದು ಸೆಪ್ಟೆಂಬರ್ 14. ಯಾರ ಮಗ ಯುದ್ಧಕ್ಕೆ ಹೋಗಬೇಕೆಂದು ಅಧಿಕಾರಿಗಳು ಕೂತು ಆರಿಸುವುದಕ್ಕಿಂತ ಇದೇ ನ್ಯಾಯ ಎಂಬುದು ಲಾಟರಿಯ ಹಿಂದಿನ ಯೋಚನೆ.

ಎಲ್ಲ ಚೀಟಿ ಎತ್ತಿ ಮುಗಿದ ಮೇಲೆ ಲೆಕ್ಕ ಬಲ್ಲವರು ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತರು. 366 ಸ್ಥಾನಗಳನ್ನು 122ರಂತೆ ಮೂರು ಪಾಲು ಮಾಡಿದರೆ ಯಾವುದೇ ತಿಂಗಳಿನ ಸುಮಾರು ಹತ್ತು ದಿನಗಳು ಒಂದೊಂದು ಪಾಲಿಗೂ ಬೀಳಬೇಕು. ಒಂದೆರಡು ಹೆಚ್ಚುಕಮ್ಮಿಯಾದರೆ ಚಿಂತೆಯಿಲ್ಲ. ಆದರೆ ಡಿಸೆಂಬರಿನ 31 ದಿನಗಳಲ್ಲಿ 17 ಮೊದಲ ಪಾಲಿಗೇ ಬಂದಿದ್ದವು, ಕೊನೆಯ ಪಾಲಿನಲ್ಲಿದ್ದದ್ದು ಬರೀ 4. ಮಾರ್ಚ್ ತಿಂಗಳದ್ದು ಇದಕ್ಕೆ ತದ್ವಿರುದ್ಧ: ಮೊದಲ ಪಾಲಿನಲ್ಲಿ 5, ಕೊನೆಯದರಲ್ಲಿ 16. ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ಕರೆ ಬೇಗ ಬರುವಂತಾಗಿತ್ತು.

ಯಾರೂ ಮೋಸ ಮಾಡಿರಲಿಲ್ಲ, ಚೀಟಿಗಳು ಸರಿಯಾಗಿ ಬೆರೆತಿರಲಿಲ್ಲ ಅಷ್ಟೆ. ಮೊದಲು ಜನವರಿಯ ಕ್ಯಾಪ್ಸೂಲ್‌ಗಳನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ ಫೆಬ್ರವರಿಯವನ್ನು ಹಾಕಿ ಎರಡನ್ನೂ ಬೆರೆಸಿದರು, ಮಾರ್ಚ್ ಹಾಕಿ ಮತ್ತೆ ಬೆರೆಸಿದರು. ಹೀಗಾಗಿ ಜನವರಿಯ ಚೀಟಿಗಳು ಹನ್ನೊಂದು ಸಲ ಬೆರೆತರೆ ಡಿಸೆಂಬರಿನವು ಬೆರೆತದ್ದು ಒಂದೇ ಸಲ. ಪೆಟ್ಟಿಗೆಯನ್ನು ಒಂದಷ್ಟು ಕುಲುಕಿ ಜಾಡಿಗೆ ಸುರಿದಾಗ ಕೊನೆಯ ತಿಂಗಳುಗಳು ಮೇಲೆ ಉಳಿದವು. ಎತ್ತುವ ಕೈ ಹೆಚ್ಚಾಗಿ ಮೇಲಿನದನ್ನೇ ಎತ್ತಿತು.

ಚೀಟಿ ಎತ್ತಿದ ಮಾತ್ರಕ್ಕೆ ಸಮಾನ ಅವಕಾಶ ಸಿಕ್ಕಂತಾಗುವುದಿಲ್ಲ, ಚೀಟಿಗಳು ಎಷ್ಟು ಚೆನ್ನಾಗಿ ಬೆರೆತಿವೆ ಎಂಬುದರ ಮೇಲೆ ಅದು ನಿಂತಿದೆ ಎಂಬುದಕ್ಕೆ ಈ ಘಟನೆ ಸಾಕ್ಷಿ. ಸಮೀಕ್ಷೆ ಮಾಡುವವರಿಗೆ, ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಸಿಗುವ ಎರಡು ದಾರಿಗಳೆಂದರೆ ಲಾಟರಿ ವಿಧಾನ ಮತ್ತು ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ. ಎರಡರ ಗುರಿಯೂ ಒಂದೇ: ಆರಿಸುವ ಕೆಲಸವನ್ನು ಮನುಷ್ಯನ ಇಷ್ಟಾನಿಷ್ಟಗಳಿಂದ ಬಿಡಿಸುವುದು.

ಮೊದಲು ಬೇಕಾದದ್ದು ಪಟ್ಟಿ

ಒಂದು ಊರಿನ ಹಾಲಿನ ಡೇರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸದಸ್ಯರಲ್ಲಿ ಎಷ್ಟು ಮಂದಿ ಹಸುಗಳಿಗೆ ವಿಮೆ ಮಾಡಿಸಿದ್ದಾರೆ ಎಂದು ತಿಳಿಯಬೇಕಾಗಿದೆ. ಎಲ್ಲರ ಮನೆಗೂ ಹೋಗಲು ಪುರುಸೊತ್ತಿಲ್ಲ, ಹತ್ತು ಮಂದಿಯನ್ನು ಕೇಳಬಹುದು. ಆ ಹತ್ತು ಮಂದಿ ಯಾರು?

ಸುಲಭದ ದಾರಿ ಎಂದರೆ ಬೆಳಿಗ್ಗೆ ಡೇರಿಯ ಮುಂದೆ ನಿಂತು ಕ್ಯಾನು ಹಿಡಿದು ಬಂದ ಮೊದಲ ಹತ್ತು ಜನರನ್ನು ಕೇಳುವುದು. ಆದರೆ ಬೇಗ ಬರುವವರು ಡೇರಿಯ ಪಕ್ಕದ ಮನೆಯವರಿರಬಹುದು, ನಾಲ್ಕಾರು ಹಸು ಕಟ್ಟಿದವರಿರಬಹುದು. ತೋಟದ ಮನೆಯಿಂದ ಒಂದು ಲೀಟರ್ ಹಾಲು ತರುವ ಅಜ್ಜಿ ಆ ಹತ್ತರಲ್ಲಿ ಸೇರುವುದೇ ಇಲ್ಲ. ಕಾರ್ಯದರ್ಶಿಯನ್ನು ಕೇಳಿದರೆ ಮಾತು ಬಲ್ಲ ಹತ್ತು ಹೆಸರು ಹೇಳುತ್ತಾರೆ. ಇವೆಲ್ಲ ಅನುಕೂಲಕ್ಕೆ ತಕ್ಕ ಆಯ್ಕೆಗಳು. ಇವುಗಳಿಂದ ಬರುವ ಉತ್ತರ ಇಡೀ ಸಂಘಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು ಲೆಕ್ಕ ಹಾಕುವ ದಾರಿಯೇ ಇಲ್ಲ.

ಸರಳ ಯಾದೃಚ್ಛಿಕ ಮಾದರಿಯಲ್ಲಿ ಪಟ್ಟಿಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಸಮಾನವಾಗಿರಬೇಕು. ಅಷ್ಟೇ ಸಾಲದು, ಯಾವ ಹತ್ತು ಮಂದಿಯ ಗುಂಪನ್ನು ತೆಗೆದುಕೊಂಡರೂ ಆ ಗುಂಪು ಬರುವ ಅವಕಾಶ ಬೇರೆ ಯಾವುದೇ ಹತ್ತು ಮಂದಿಯ ಗುಂಪಿನಷ್ಟೇ ಇರಬೇಕು. ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಶುರು ಮಾಡಿ 24ಕ್ಕೊಬ್ಬರಂತೆ ಗುರುತು ಹಾಕುತ್ತ ಹೋದರೆ ಒಬ್ಬೊಬ್ಬರಿಗೂ ಸಮಾನ ಅವಕಾಶವೇನೋ ಸಿಗುತ್ತದೆ. ಆದರೆ ಅಕ್ಕಪಕ್ಕದ ಇಬ್ಬರು ಒಟ್ಟಿಗೆ ಬರುವ ಸಾಧ್ಯತೆಯೇ ಇರುವುದಿಲ್ಲ. ಅದೂ ಒಂದು ಒಳ್ಳೆಯ ವಿಧಾನವೇ, ಆದರೆ ಸರಳ ಯಾದೃಚ್ಛಿಕ ಮಾದರಿ ಅಲ್ಲ.

ಇದಕ್ಕೆಲ್ಲ ಮೊದಲು ಪಟ್ಟಿ ಸರಿಯಾಗಬೇಕು. ಸದಸ್ಯರ ರಿಜಿಸ್ಟರಿನಲ್ಲಿ ತೀರಿಕೊಂಡವರ ಹೆಸರು ಹಾಗೇ ಉಳಿದಿರುತ್ತದೆ. ಒಬ್ಬರದೇ ಹೆಸರು ಎರಡು ಕಡೆ ಇದ್ದರೆ ಅವರಿಗೆ ಇಮ್ಮಡಿ ಅವಕಾಶ ಸಿಗುತ್ತದೆ, ಹೊಸದಾಗಿ ಸೇರಿದವರ ಹೆಸರು ಏರಿಸದೇ ಇದ್ದರೆ ಅವರಿಗೆ ಅವಕಾಶವೇ ಇಲ್ಲ. ಪಟ್ಟಿಯಲ್ಲಿ ಇಲ್ಲದವರನ್ನು ಯಾವ ಲಾಟರಿಯೂ ಎತ್ತಲಾರದು. ಇವನ್ನೆಲ್ಲ ಸರಿಪಡಿಸಿದ ಮೇಲೆ ನಮ್ಮ ಡೇರಿಯಲ್ಲಿ 240 ಸದಸ್ಯರು ಉಳಿದರು ಎಂದುಕೊಳ್ಳೋಣ. ಅವರಿಗೆ 1ರಿಂದ 240ರವರೆಗೆ ಕ್ರಮಸಂಖ್ಯೆ ಕೊಡಬೇಕು. ಯಾರಿಗೆ ಯಾವ ಸಂಖ್ಯೆ ಎಂಬುದು ಮುಖ್ಯವಲ್ಲ, ಒಬ್ಬರಿಗೆ ಒಂದೇ ಸಂಖ್ಯೆ, ಒಂದು ಸಂಖ್ಯೆಗೆ ಒಬ್ಬರೇ ಇದ್ದರೆ ಸಾಕು.

ಚೀಟಿ ಎತ್ತುವ ಕ್ರಮ

ಲಾಟರಿ ವಿಧಾನದಲ್ಲಿ 240 ಚೀಟಿ ಬೇಕು. ಒಂದೇ ಬಗೆಯ ಕಾಗದ, ಒಂದೇ ಅಳತೆ, ಒಂದೇ ರೀತಿಯ ಮಡಿಕೆ. ಅರ್ಧ ಚೀಟಿಗಳು ನೋಟ್‌ಬುಕ್ಕಿನ ತೆಳು ಹಾಳೆಯವು, ಉಳಿದರ್ಧ ಕ್ಯಾಲೆಂಡರಿನ ದಪ್ಪ ಹಾಳೆಯವು ಆದರೆ ಬೆರಳಿಗೆ ವ್ಯತ್ಯಾಸ ತಿಳಿದುಬಿಡುತ್ತದೆ. ಕೆಲವನ್ನು ಬಿಗಿಯಾಗಿ ಉಂಡೆ ಮಾಡಿ ಕೆಲವನ್ನು ಸಡಿಲವಾಗಿ ಮಡಿಸಿದರೆ, ಕುಲುಕುವಾಗ ಸಣ್ಣವು ತಳಕ್ಕೆ ಇಳಿದು ದೊಡ್ಡವು ಮೇಲೆ ನಿಲ್ಲುತ್ತವೆ. ಚೀಟಿಯ ಮೇಲೆ ಹೆಸರಿಗಿಂತ ಸಂಖ್ಯೆ ಬರೆಯುವುದು ಒಳ್ಳೆಯದು. ಬರಹ ಚಿಕ್ಕದಾಗುತ್ತದೆ, ಎತ್ತುವವರಿಗೂ ಅದು ಯಾರದೆಂದು ತಕ್ಷಣ ಗೊತ್ತಾಗುವುದಿಲ್ಲ.

ಚೀಟಿಗಳನ್ನು ಹಾಕುವ ಪಾತ್ರೆ ದೊಡ್ಡದಿರಲಿ. ಅಂಚಿನವರೆಗೆ ತುಂಬಿದ ಡಬ್ಬಿಯನ್ನು ಎಷ್ಟು ಕುಲುಕಿದರೂ ಒಳಗಿನದು ಅಲುಗುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿದ್ದರೆ ಕೈ ಹಾಕಿ ಬುಡಮೇಲು ಮಾಡಬಹುದು. 1ರಿಂದ 240ರವರೆಗೆ ಕ್ರಮವಾಗಿ ಹಾಕುತ್ತ ನಡುನಡುವೆ ಬೆರೆಸುವುದೇ ವಾಷಿಂಗ್ಟನ್ನಿನ ತಪ್ಪು. ಎಲ್ಲ ಚೀಟಿ ಹಾಕಿದ ಮೇಲೆ ಒಟ್ಟಿಗೆ ಬೆರೆಸಬೇಕು, ಇನ್ನೊಂದು ಪಾತ್ರೆಗೆ ಸುರಿದು ಮತ್ತೆ ಬೆರೆಸಬೇಕು, ಪ್ರತಿ ಸಲ ಎತ್ತುವ ಮುಂಚೆಯೂ ಒಮ್ಮೆ ಕಲಕಬೇಕು.

ಎತ್ತಿದ ಚೀಟಿಯನ್ನು ಓದಿ, ಬರೆದುಕೊಂಡು, ಬದಿಗಿಡುತ್ತ ಹೋದರೆ ಒಬ್ಬರೇ ಎರಡು ಸಲ ಬರುವುದಿಲ್ಲ. ಇದು ಮರಳಿ ಹಾಕದ ಆಯ್ಕೆ, ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಇದನ್ನೇ. ಹತ್ತು ಎತ್ತಿದ ಮೇಲೆ ಒಳಗೆ ಉಳಿದ ಚೀಟಿಗಳನ್ನು ಎಣಿಸಿ. 230 ಇರಬೇಕು. 228 ಇದ್ದರೆ ಎರಡು ಚೀಟಿ ಬರೆದೇ ಇರಲಿಲ್ಲ, ಇಲ್ಲವೇ ಎಲ್ಲೋ ಬಿದ್ದುಹೋಗಿವೆ. ಆಗ ಆ ಆಯ್ಕೆಯನ್ನು ಬಿಟ್ಟು ಹೊಸದಾಗಿ ಶುರು ಮಾಡುವುದೇ ಸರಿ. ಈ ಎಣಿಕೆಗೆ ಹತ್ತು ನಿಮಿಷ ಸಾಕು, ಆದರೂ ಬಹಳ ಮಂದಿ ಇದನ್ನು ಮಾಡುವುದಿಲ್ಲ.

240ರ ಮಟ್ಟಿಗೆ ಇದು ನಡೆಯುತ್ತದೆ. ತಾಲ್ಲೂಕಿನ 24,000 ಸದಸ್ಯರಿಗೆ ಚೀಟಿ ಬರೆಯುವವರು ಯಾರು? ಬರೆದರೂ ಅಷ್ಟು ಕಾಗದವನ್ನು ಚೆನ್ನಾಗಿ ಬೆರೆಸುವುದು ಯಾವ ಪಾತ್ರೆಯಲ್ಲಿ? ಕೋಷ್ಟಕ ನೆರವಿಗೆ ಬರುವುದು ಇಲ್ಲಿ.

ಬೇರೆಯವರು ಬೆರೆಸಿಟ್ಟ ಅಂಕಿಗಳು

ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ ಎಂದರೆ 0ಯಿಂದ 9ರವರೆಗಿನ ಅಂಕಿಗಳನ್ನು ಯಾವ ಕ್ರಮವೂ ಇಲ್ಲದೆ ಪುಟಗಟ್ಟಲೆ ಅಚ್ಚು ಹಾಕಿದ ಪಟ್ಟಿ. ಯಾವ ಜಾಗದಲ್ಲಿ ನೋಡಿದರೂ ಹತ್ತು ಅಂಕಿಗಳಲ್ಲಿ ಯಾವುದಾದರೂ ಬರುವ ಸಾಧ್ಯತೆ ಒಂದೇ ಸಮ. ಹಿಂದಿನ ಅಂಕಿ ಯಾವುದೆಂದು ಗೊತ್ತಿದ್ದರೂ ಮುಂದಿನದನ್ನು ಊಹಿಸಲಾಗದು. ಬೆರೆಸುವ ಕಷ್ಟವನ್ನು ಯಾರೋ ನಮಗಿಂತ ಮೊದಲೇ ಪಟ್ಟು, ಫಲವನ್ನು ಪುಸ್ತಕದಲ್ಲಿ ಇಟ್ಟಿದ್ದಾರೆ.

ಇಂಥ ಮೊದಲ ಪುಸ್ತಕವನ್ನು 1927ರಲ್ಲಿ ಇಂಗ್ಲೆಂಡಿನ ಎಲ್.ಎಚ್.ಸಿ. ಟಿಪ್ಪೆಟ್ ಹೊರತಂದರು. ಜನಗಣತಿ ವರದಿಗಳಲ್ಲಿನ ಅಂಕಿಗಳನ್ನು ಹೆಕ್ಕಿ ಜೋಡಿಸಿದ 41,600 ಅಂಕಿಗಳು ಅದರಲ್ಲಿದ್ದವು. ನಮ್ಮ ಕಾಲೇಜುಗಳ ಸಂಖ್ಯಾಶಾಸ್ತ್ರ ಪಠ್ಯಗಳಲ್ಲಿ ಈಗಲೂ ಈ ಹೆಸರು ಕಾಣುತ್ತದೆ. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹತ್ತು ಲಕ್ಷ ಅಂಕಿಗಳ ಪುಸ್ತಕ ಪ್ರಕಟಿಸಿತು. ಅದಕ್ಕಾಗಿ ಜೂಜಿನ ಚಕ್ರದ ಹಾಗೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಯಂತ್ರವನ್ನೇ ಕಟ್ಟಿದ್ದರು. ಆ ಯಂತ್ರ ಕೊಟ್ಟ ಅಂಕಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಸಣ್ಣ ಓರೆ ಕಂಡಿತು. ಕೊನೆಗೆ ಒಂದು ಅಂಕಿಯನ್ನು ಇನ್ನೊಂದಕ್ಕೆ ಕೂಡಿಸಿ, ಬಿಡಿಸ್ಥಾನವನ್ನು ಮಾತ್ರ ಉಳಿಸಿಕೊಂಡು, ಮತ್ತೊಂದು ಸುತ್ತು ಬೆರೆಸಿದ ಅಂಕಿಗಳನ್ನು ಅಚ್ಚಿಗೆ ಕೊಟ್ಟರು. ಯಂತ್ರಕ್ಕೂ ಸರಿಯಾಗಿ ಬೆರೆಸುವುದು ಸುಲಭವಾಗಿರಲಿಲ್ಲ.

ಕೋಷ್ಟಕ ಓದುವ ಬಗೆ

ನಮ್ಮ ಡೇರಿಗೆ ಮರಳೋಣ. ಇಲ್ಲಿರುವುದು ಓದುವ ರೀತಿ ತೋರಿಸಲಿಕ್ಕೆಂದು ಬರೆದ ಮೂರು ಸಾಲುಗಳ ತುಣುಕು. ನಿಜವಾದ ಆಯ್ಕೆಗೆ ಅಚ್ಚಾದ ಕೋಷ್ಟಕವನ್ನೇ ಬಳಸಿ.

60417 28935 11764 90382 57206
83981 04472 69018 35527 74160
19638 52209 87143 00596 42871

ಐದೈದು ಅಂಕಿಗಳ ಗುಂಪು ಮಾಡಿರುವುದು ಕಣ್ಣು ತಪ್ಪದಿರಲಿ ಎಂದಷ್ಟೇ, ನಡುವಿನ ಖಾಲಿ ಜಾಗಕ್ಕೆ ಅರ್ಥವಿಲ್ಲ. 240 ಮೂರಂಕಿಯ ಸಂಖ್ಯೆ. ಆದ್ದರಿಂದ ಎಲ್ಲರ ಕ್ರಮಸಂಖ್ಯೆಯನ್ನೂ ಮೂರಂಕಿ ಮಾಡಿಕೊಳ್ಳಬೇಕು: 1 ಎಂಬುದು 001, 44 ಎಂಬುದು 044. ಕೋಷ್ಟಕವನ್ನೂ ಮೂರು ಮೂರು ಅಂಕಿಗಳಂತೆ ಓದಬೇಕು.

ಎಲ್ಲಿಂದ ಶುರು ಮಾಡಬೇಕು, ಎಡದಿಂದ ಬಲಕ್ಕೋ ಮೇಲಿಂದ ಕೆಳಕ್ಕೋ, ಯಾವ ಸಂಖ್ಯೆಗಳನ್ನು ಬಿಡಬೇಕು ಎಂಬುದೆಲ್ಲ ಅಂಕಿಗಳನ್ನು ನೋಡುವ ಮೊದಲೇ ತೀರ್ಮಾನವಾಗಿರಬೇಕು. ಪುಟ ತೆರೆದು, ಕಣ್ಣು ಮುಚ್ಚಿ ಪೆನ್ಸಿಲ್ ಊರಿದ ಜಾಗವೇ ಆರಂಭ ಎಂದು ಇಟ್ಟುಕೊಳ್ಳುವುದು ರೂಢಿ. ಇಲ್ಲಿ ಸರಳವಾಗಿರಲೆಂದು ಮೊದಲ ಸಾಲಿನ ಮೊದಲ ಅಂಕಿಯಿಂದಲೇ ಎಡದಿಂದ ಬಲಕ್ಕೆ ಓದೋಣ. ಸಾಲು ಮುಗಿದರೆ ಮುಂದಿನ ಸಾಲಿಗೆ ಹೋಗೋಣ.

ನೇರ ವಿಧಾನದಲ್ಲಿ 001ರಿಂದ 240ರೊಳಗೆ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತೇವೆ. 604 ಬೇಡ, 172 ಬೇಕು, 893 ಬೇಡ, 511 ಬೇಡ. ಹೀಗೆ ಮೂರು ಸಾಲು ಪೂರ್ತಿ ಓದಿದರೂ ಸಿಗುವುದು ನಾಲ್ಕೇ ಜನ: 172, 44, 209, 59. ತಪ್ಪೇನೂ ಇಲ್ಲ, ಆದರೆ ನಾಲ್ಕರಲ್ಲಿ ಮೂರು ಪಾಲು ಓದು ದಂಡ.

ಇದನ್ನು ತಪ್ಪಿಸಲು ಶೇಷ ವಿಧಾನವಿದೆ. ಮೂರಂಕಿಯ ಸಂಖ್ಯೆಗಳು 000ಯಿಂದ 999ರವರೆಗೆ ಒಟ್ಟು ಸಾವಿರ. ಅವುಗಳಲ್ಲಿ 240ರ ನಾಲ್ಕು ಪೂರ್ತಿ ಕಂತುಗಳು ಹಿಡಿಯುತ್ತವೆ: 001ರಿಂದ 960ರವರೆಗೆ. ಬಂದ ಸಂಖ್ಯೆಯನ್ನು 240ರಿಂದ ಭಾಗಿಸಿ ಉಳಿದ ಶೇಷವನ್ನು ಸದಸ್ಯರ ಸಂಖ್ಯೆ ಎಂದುಕೊಳ್ಳಬೇಕು. ಶೇಷ ಸೊನ್ನೆಯಾದರೆ ಅದು 240ನೆಯ ಸದಸ್ಯ. 961ರಿಂದ 999 ಮತ್ತು 000 ಬಂದರೆ ಬಿಟ್ಟುಬಿಡಬೇಕು.

ಓದುತ್ತ ಹೋಗೋಣ. 604ರಲ್ಲಿ 480 ಕಳೆದರೆ 124, ಇವರೇ ಮೊದಲನೆಯವರು. 172 ಹಾಗೆಯೇ 172. 893ರಿಂದ 173. 511ರಿಂದ 31. 764ರಿಂದ 44. 903ರಿಂದ 183. 825ರಿಂದ 105. 720ಕ್ಕೆ ಶೇಷ ಸೊನ್ನೆ, ಹಾಗಾಗಿ 240. ಮೊದಲ ಸಾಲಿನ ಕೊನೆಯ 6 ಮತ್ತು ಎರಡನೇ ಸಾಲಿನ 83 ಸೇರಿ 683, ಅದರಿಂದ 203. ಮುಂದಿನದು 981, ಬಿಡಬೇಕು. ಆಮೇಲೆ 044: ಆದರೆ 44ನೆಯವರು ಆಗಲೇ ಬಂದಿದ್ದಾರೆ, ಅದನ್ನೂ ಬಿಡಬೇಕು. ನಂತರದ 726ರಿಂದ 6. ಹತ್ತು ಜನರಾದರು: 6, 31, 44, 105, 124, 172, 173, 183, 203, 240. ಹನ್ನೆರಡು ಸಂಖ್ಯೆ ಓದಿದ್ದಕ್ಕೆ ಕೆಲಸ ಮುಗಿಯಿತು.

981ನ್ನು ಬಿಡದೆ 240ರಿಂದ ಭಾಗಿಸಿದ್ದರೆ ಏನಾಗುತ್ತಿತ್ತು? ಶೇಷ 21 ಬಂದು 21ನೆಯ ಸದಸ್ಯರು ಸೇರುತ್ತಿದ್ದರು. ಆದರೆ 21ನೆಯವರಿಗೆ 021, 261, 501, 741 ಎಂಬ ನಾಲ್ಕು ಸಂಖ್ಯೆಗಳು ಮೊದಲೇ ಇವೆ, 981 ಐದನೆಯದಾಗುತ್ತದೆ. 1ರಿಂದ 39ರವರೆಗಿನ ಎಲ್ಲರಿಗೂ ಹೀಗೆ ಐದೈದು ಸಂಖ್ಯೆ ಸಿಕ್ಕರೆ ಬಹುತೇಕ ಉಳಿದವರಿಗೆಲ್ಲ ನಾಲ್ಕೇ. ಪಟ್ಟಿಯ ಆರಂಭದಲ್ಲಿರುವ ಹಳೆಯ ಸದಸ್ಯರಿಗೆ ಕಾಲುಭಾಗ ಹೆಚ್ಚು ಅವಕಾಶ ಕೊಟ್ಟಂತಾಗುತ್ತದೆ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ.

ಪಕ್ಕಪಕ್ಕದವರು ಬಂದರೆ?

ಆ ಹತ್ತರಲ್ಲಿ 172, 173 ಎಂಬ ಅಕ್ಕಪಕ್ಕದ ಸಂಖ್ಯೆಗಳಿವೆ. ಇಬ್ಬರೂ ಒಂದೇ ದಿನ ಸದಸ್ಯರಾದ ಅಣ್ಣತಮ್ಮಂದಿರೂ ಇರಬಹುದು. ಇನ್ನೊಂದು ಕಡೆ 44ರಿಂದ 105ರವರೆಗೆ ಯಾರೂ ಇಲ್ಲ. ನೋಡಿದವರಿಗೆ ಇದು ಸರಿ ಹಂಚಿಕೆಯಾಗಿಲ್ಲ ಅನ್ನಿಸುತ್ತದೆ, 173ನ್ನು ತೆಗೆದು 75ನ್ನು ಹಾಕೋಣ ಎಂದು ಕೈ ತುಡಿಯುತ್ತದೆ.

ಹಾಗೆ ಮಾಡಿದ ಕ್ಷಣವೇ ಅದು ಯಾದೃಚ್ಛಿಕ ಮಾದರಿಯಾಗಿ ಉಳಿಯುವುದಿಲ್ಲ. 240 ಜನರಿಂದ ಹತ್ತು ಮಂದಿಯನ್ನು ಆಯ್ದಾಗ ಎಲ್ಲಾದರೂ ಒಂದು ಜೋಡಿ ಪಕ್ಕಪಕ್ಕ ಬರುವ ಸಾಧ್ಯತೆ ಶೇ. 32ರಷ್ಟಿದೆ, ಅಂದರೆ ಮೂರು ಸಲ ಆಯ್ದರೆ ಹೆಚ್ಚುಕಡಿಮೆ ಒಂದು ಸಲ. ಒಂದು ಮಾದರಿ ನೋಡಲು ಹೇಗಿದೆ ಎಂಬುದರಿಂದ ಅದು ಯಾದೃಚ್ಛಿಕವೋ ಅಲ್ಲವೋ ಹೇಳಲಾಗದು, ಅದನ್ನು ಹೇಗೆ ಆರಿಸಿದರು ಎಂಬುದನ್ನು ಕೇಳಬೇಕು. ಮೊದಲು ಬಂದ ಹತ್ತು ಹೆಸರು ಹಿಡಿಸಲಿಲ್ಲವೆಂದು ಬೇರೆ ಪುಟದಿಂದ ಮತ್ತೆ ಶುರು ಮಾಡುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಆಯ್ಕೆಯಾದವರು ಮನೆಯಲ್ಲಿ ಸಿಗದಿದ್ದಾಗಲೂ ಇದೇ ಪರೀಕ್ಷೆ ಎದುರಾಗುತ್ತದೆ. 105ನೆಯವರ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯವರನ್ನು ಕೇಳಿ ಮುಗಿಸುವ ಆಸೆ ಬರುತ್ತದೆ. ಆದರೆ ಹಗಲು ಮನೆಯಲ್ಲಿ ಸಿಗುವವರು ಮತ್ತು ಕೂಲಿಗೆ ಹೋಗಿ ಸಿಗದವರು ಒಂದೇ ಬಗೆಯವರಲ್ಲ, ವಿಮೆಯ ವಿಷಯದಲ್ಲಂತೂ ಅಲ್ಲವೇ ಅಲ್ಲ. ಸಂಜೆ ಮತ್ತೆ ಹೋಗಬೇಕು. ಎಷ್ಟು ಸಲ ಹೋದರೂ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಬೇಕು.

ಹೊಲದಲ್ಲಿ ಅದೇ ಅಂಕಿಗಳು

ಈ ಕೋಷ್ಟಕ ನಮ್ಮ ರೈತರ ಹೊಲಗಳಿಗೂ ಇಳಿದಿದೆ. ಬೆಳೆಯ ಇಳುವರಿ ಅಂದಾಜಿಗೂ ಬೆಳೆ ವಿಮೆಯ ಲೆಕ್ಕಕ್ಕೂ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲಿ, ಭತ್ತದಂಥ ಬೆಳೆಗೆ ಹೊಲದ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಗುರುತು ಮಾಡಿ, ಕೊಯ್ದು, ಬಡಿದು, ತೂಗುತ್ತಾರೆ. ಆ ತುಂಡು ಹೊಲದ ಯಾವ ಭಾಗದಲ್ಲಿರಬೇಕು? ಹೋದ ಅಧಿಕಾರಿಗೆ ಬಿಟ್ಟರೆ ಬದುವಿನ ಹತ್ತಿರದ್ದನ್ನೋ ತೆನೆ ತೂಗುವ ಭಾಗವನ್ನೋ ಹಿಡಿದಾರು. ವಿಮೆ ಬರಲಿ ಎನ್ನುವ ರೈತ ಜೊಳ್ಳು ಬಿದ್ದ ಮೂಲೆಯನ್ನು ತೋರಿಸಿಯಾನು.

ಆದ್ದರಿಂದ ಎರಡು ಯಾದೃಚ್ಛಿಕ ಸಂಖ್ಯೆಗಳೇ ಜಾಗವನ್ನು ಹೇಳುತ್ತವೆ. ಹೊಲ 60 ಮೀಟರ್ ಉದ್ದ, 40 ಮೀಟರ್ ಅಗಲ ಇದೆ ಎಂದುಕೊಳ್ಳಿ. ತುಂಡು ಹೊಲದಿಂದ ಆಚೆ ಹೋಗಬಾರದು, ಹಾಗಾಗಿ ಎರಡರಲ್ಲೂ ಐದೈದು ಮೀಟರ್ ಕಳೆಯಬೇಕು: 55 ಮತ್ತು 35. ಮೊದಲನೆಯದರ ಒಳಗೆ ಒಂದು ಸಂಖ್ಯೆ, ಎರಡನೆಯದರ ಒಳಗೆ ಇನ್ನೊಂದು. 23 ಮತ್ತು 14 ಬಂದವು ಎಂದರೆ ನೈಋತ್ಯ ಮೂಲೆಯಿಂದ ಹೊರಟು ಉದ್ದಕ್ಕೆ 23 ಮೀಟರ್, ಅಲ್ಲಿಂದ ಅಗಲಕ್ಕೆ 14 ಮೀಟರ್ ನಡೆದು ಮೊದಲ ಗೂಟ ಹೊಡೆಯಬೇಕು. ಆ ಜಾಗದಲ್ಲಿ ನೀರು ನಿಂತಿದ್ದರೂ ಇಲಿ ತಿಂದಿದ್ದರೂ ಆಚೀಚೆ ಸರಿಸುವಂತಿಲ್ಲ. ಹೊಲಗಳಲ್ಲಿ ನೀರು ನಿಲ್ಲುವುದೂ ಇಲಿ ತಿನ್ನುವುದೂ ನಿಜವಾದ ಮೇಲೆ ಅದೂ ಲೆಕ್ಕಕ್ಕೆ ಸೇರಬೇಕಲ್ಲ. ಈಗ ಸಂಖ್ಯೆ ಕೊಡುವ ಕೆಲಸವನ್ನು ಮೊಬೈಲ್ ಆ್ಯಪ್ ಮಾಡುವುದೂ ಉಂಟು, ಆದರೆ ನಿಯಮ ಅದೇ.

ಉತ್ತರ ಬಂದ ಮೇಲೆ

ಡೇರಿಯ ಹತ್ತು ಮಂದಿಯಲ್ಲಿ ನಾಲ್ವರು ವಿಮೆ ಮಾಡಿಸಿದ್ದಾರೆ ಎಂದಾದರೆ 240ರಲ್ಲಿ ಶೇ. 40 ಎಂಬುದು ನಮ್ಮ ಅಂದಾಜು. ಆಯ್ಕೆ ಎಷ್ಟೇ ನಿಯಮಬದ್ಧವಾಗಿದ್ದರೂ ಹತ್ತು ಎಂಬುದು ಸಣ್ಣ ಸಂಖ್ಯೆ. ಇಂಥ ಅಂದಾಜಿಗೆ ಸಂಖ್ಯಾಶಾಸ್ತ್ರದ ಪ್ರಕಾರ ಕೊಡುವ ವ್ಯಾಪ್ತಿ ಸುಮಾರು ಶೇ. 12ರಿಂದ 74ರವರೆಗೆ ಚಾಚುತ್ತದೆ. ಯಾದೃಚ್ಛಿಕ ಆಯ್ಕೆ ಪಕ್ಷಪಾತವನ್ನು ತೆಗೆಯುತ್ತದೆ, ಆದರೆ ಸಣ್ಣ ಮಾದರಿಯ ತೂಗಾಟವನ್ನು ತೆಗೆಯಲಾರದು. ಅದಕ್ಕೆ ಹೆಚ್ಚು ಜನರನ್ನು ಕೇಳುವುದೇ ದಾರಿ. ಆದರೂ ಡೇರಿಯ ಮುಂದೆ ನಿಂತು ಕೇಳಿದ ಹತ್ತು ಜನರಿಗಿಂತ ಇದು ಮೇಲು. ಇಲ್ಲಿ ತಪ್ಪು ಎಷ್ಟಿರಬಹುದೆಂದು ಹೇಳಲಾದರೂ ಬರುತ್ತದೆ, ಅಲ್ಲಿ ಅದೂ ಇಲ್ಲ.

ಕೊನೆಯದಾಗಿ ಒಂದು ಸಾಲು ಬರೆದಿಡುವ ಅಭ್ಯಾಸ ಒಳ್ಳೆಯದು: ಯಾವ ಕೋಷ್ಟಕ, ಎಷ್ಟನೆಯ ಪುಟ, ಯಾವ ಸಾಲಿನ ಎಷ್ಟನೆಯ ಅಂಕಿಯಿಂದ ಆರಂಭ, ಓದಿದ ದಿಕ್ಕು, ಬಿಟ್ಟ ಸಂಖ್ಯೆಗಳು. ಪಟ್ಟಿಯನ್ನೂ ಜೊತೆಗೇ ಇಡಬೇಕು. ಚೀಟಿ ಎತ್ತಿದ್ದು ನ್ಯಾಯವಾಗಿತ್ತೇ ಎಂಬುದಕ್ಕೆ ಅಲ್ಲಿದ್ದವರ ಮಾತನ್ನೇ ನಂಬಬೇಕು. ಕೋಷ್ಟಕದಿಂದ ಆಯ್ದದ್ದಾದರೆ ಸಂಶಯಪಟ್ಟ ಸದಸ್ಯರೊಬ್ಬರು ಐದು ವರ್ಷ ಬಿಟ್ಟು ಬಂದು ಕೇಳಿದರೂ ಅದೇ ಪುಟ ತೆರೆದು ಅವರ ಕೈಯಲ್ಲೇ ಓದಿಸಬಹುದು. ಅವರಿಗೂ ಇದೇ ಹತ್ತು ಹೆಸರು ಬರಬೇಕು.